ಅಪಾಯದ ಪಟ್ಟಿಗೆ ಒಂದು ಹೆಸರು ಬೇಕು, ಒಂದು ತಾರೀಖು ಬೇಕು

ನೀರು ಕೆಟ್ಟು ಊರಿನ ಜನ ಆಸ್ಪತ್ರೆ ಸೇರಿದ ಸುದ್ದಿಗೆ ಹೋದಾಗ ನಾವು ವರದಿಗಾರರು ಕೇಳುವ ಪ್ರಶ್ನೆ ಒಂದೇ: ಇದು ಮೊದಲೇ ಗೊತ್ತಿರಲಿಲ್ವಾ? ಬಹಳಷ್ಟು ಸಲ ಯಾರಿಗೋ ಒಬ್ಬರಿಗೆ ಗೊತ್ತಿರುತ್ತದೆ. ಚರಂಡಿ ಪಕ್ಕದ ಪೈಪು ಸೋರುತ್ತಿದೆ ಎಂದು ನೀರುಗಂಟಿಗೆ ಗೊತ್ತು. ಬೆಳಗ್ಗೆ ಮೊದಲು ಬರುವ ನೀರು ವಾಸನೆ ಹೊಡೆಯುತ್ತದೆ ಎಂದು ಕೊನೆಯ ಮನೆಯ ಹೆಂಗಸಿಗೆ ಗೊತ್ತು. ಬ್ಲೀಚಿಂಗ್ ಪೌಡರ್ ಮುಗಿದು ವಾರವಾಯಿತು ಎಂದು ಪಂಚಾಯಿತಿ ಗುಮಾಸ್ತರಿಗೆ ಗೊತ್ತು. ಮೂವರಿಗೂ ಗೊತ್ತಿದ್ದದ್ದು ಒಂದೇ ಕಡೆ ಬರೆದಿರುವುದಿಲ್ಲ. ಬರೆದಿದ್ದರೂ ಅದನ್ನು ಮತ್ತೆ ತೆರೆದು ನೋಡಿರುವುದಿಲ್ಲ.

2023ರ ಆಗಸ್ಟ್ ಹೊತ್ತಿಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದು ನಮಗೆಲ್ಲ ನೆನಪಿದೆ. ಅದರ ಬಗ್ಗೆ ತನಿಖೆ, ಅಮಾನತು, ಪರಿಹಾರ ಎಲ್ಲ ಸುದ್ದಿಯಾಯಿತು. ನಾನು ಇಲ್ಲಿ ಬರೆಯುತ್ತಿರುವುದು ಅದಕ್ಕಿಂತ ಮೊದಲಿನ ಕೆಲಸದ ಬಗ್ಗೆ. ಸುದ್ದಿಯಾಗದ ಕೆಲಸ ಅದು. ನೀರು ಕೆಡುವ ಮುಂಚೆ ಎಲ್ಲೆಲ್ಲಿ ಕೆಡಬಹುದು ಎಂದು ಬರೆದಿಟ್ಟು, ಅದನ್ನು ತಿಂಗಳು ತಿಂಗಳು ನೋಡುವ ಕೆಲಸ. ಆಫೀಸಿನ ಭಾಷೆಯಲ್ಲಿ ಇದಕ್ಕೆ ರಿಸ್ಕ್ ರಿಜಿಸ್ಟರ್ ಅನ್ನುತ್ತಾರೆ. ನಾನು ಅಪಾಯ ಪಟ್ಟಿ ಎನ್ನುತ್ತೇನೆ.

ಇದು ಹೊಸ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲೇ ತನ್ನ ಕುಡಿಯುವ ನೀರಿನ ಮಾರ್ಗಸೂಚಿಯಲ್ಲಿ ನೀರಿನ ಸುರಕ್ಷತಾ ಯೋಜನೆಯ ಬಗ್ಗೆ ಹೇಳಿತು. ಕೊನೆಗೆ ನಲ್ಲಿಯ ನೀರನ್ನು ಪರೀಕ್ಷೆ ಮಾಡಿದರಷ್ಟೇ ಸಾಲದು, ಬೋರ್‌ವೆಲ್‌ನಿಂದ ಬಿಂದಿಗೆಯವರೆಗೆ ಎಲ್ಲಿ ಕೆಡಬಹುದು ಎಂಬುದನ್ನು ಮೊದಲೇ ಪಟ್ಟಿ ಮಾಡಿ, ಎಷ್ಟು ಸಂಭವ, ಎಷ್ಟು ಹಾನಿ ಎಂದು ಅಂಕ ಕೊಟ್ಟು ಕಾಯಬೇಕು ಎಂಬುದು ಅದರ ಸಾರ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಕೂಡ ಊರಿಗೊಂದು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು, ನೀರು ಪರೀಕ್ಷೆ ಮಾಡಲು ಊರಿನ ಐವರು ಹೆಂಗಸರಿಗೆ ತರಬೇತಿ ಕೊಡಬೇಕು ಎನ್ನುತ್ತದೆ. ಅಂದರೆ ಪಟ್ಟಿ ಮಾಡುವ ಜನ ಕಾಗದದ ಮೇಲಾದರೂ ಇದ್ದಾರೆ. ತೊಂದರೆ ಇರುವುದು ಪಟ್ಟಿ ಹುಟ್ಟಿದ ಮೇಲೆ. ಹುಟ್ಟಿದ ದಿನವೇ ಅದು ಫೈಲು ಸೇರಿ ಸಾಯುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಪಟ್ಟಿಯಲ್ಲಿ ಎಷ್ಟು ಅಪಾಯಗಳಿವೆ ಎನ್ನುವುದು ಮುಖ್ಯವಲ್ಲ. ಪ್ರತಿ ಸಾಲಿನ ಮುಂದೆ ಒಬ್ಬ ಮನುಷ್ಯನ ಹೆಸರು, ಮತ್ತೆ ನೋಡುವ ಒಂದು ತಾರೀಖು ಇದೆಯೇ ಎನ್ನುವುದು ಮುಖ್ಯ. ಅವೆರಡೂ ಇಲ್ಲದ ಪಟ್ಟಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಸತ್ತ ಪಟ್ಟಿ ಹೇಗಿರುತ್ತದೆ

ಪಟ್ಟಿ ಬದುಕಿದೆಯೋ ಸತ್ತಿದೆಯೋ ತಿಳಿಯಲು ನೀರಿನ ಎಂಜಿನಿಯರ್ ಆಗಬೇಕಿಲ್ಲ. ಹೊಣೆಗಾರರ ಕಾಲಂ ನೋಡಿ. ಮೇಲಿಂದ ಕೆಳಗೆ "ಗ್ರಾಮ ಪಂಚಾಯಿತಿ" ಎಂದಿದ್ದರೆ ಅದು ಯಾರ ಹೊಣೆಯೂ ಅಲ್ಲ. ಫೋನ್ ಮಾಡಿದರೆ ಎತ್ತಲು ಪಂಚಾಯಿತಿಗೆ ಕೈಯಿಲ್ಲ, ಮಾತಾಡಲು ಬಾಯಿಯಿಲ್ಲ. ಆಮೇಲೆ ತಾರೀಖಿನ ಕಾಲಂ ನೋಡಿ. ಎಲ್ಲ ಸಾಲಿಗೂ ಮಾರ್ಚ್ 31 ಎಂದಿದ್ದರೆ ಅದು ವರದಿ ಕಳಿಸಲು ಬರೆದ ತಾರೀಖು, ಪೈಪು ನೋಡಲು ಬರೆದದ್ದಲ್ಲ. ಕೊನೆಗೆ ಅಂಕ ನೋಡಿ. ಬೇಸಿಗೆಯಲ್ಲಿ ಬರೆದ ಅಂಕ ಮಳೆಗಾಲದಲ್ಲೂ ಹಾಗೇ ಇದ್ದರೆ ಯಾರೂ ಮತ್ತೆ ತೆರೆದಿಲ್ಲ ಎಂದರ್ಥ. ಇವುಗಳ ಜೊತೆಗೆ "ಕ್ರಮ ಕೈಗೊಳ್ಳಲಾಗುವುದು" ಎಂಬ ಸಾಲು ಕಂಡರೆ ಅನುಮಾನವೇ ಬೇಡ.

ಇನ್ನೊಂದು ಗುರುತು ಇದೆ. ಪಟ್ಟಿಯಲ್ಲಿ ಒಂದೂ ಸಾಲು ಮುಚ್ಚಿಲ್ಲ, ಒಂದೂ ಹೊಸ ಸಾಲು ಸೇರಿಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ, ಒಂದು ಜಾತ್ರೆ, ಒಂದು ರಸ್ತೆ ಕಾಮಗಾರಿ ಕಳೆದ ಊರಿನ ನೀರಿನ ವ್ಯವಸ್ಥೆಯಲ್ಲಿ ಏನೂ ಬದಲಾಗಿಲ್ಲ ಎಂದರೆ ನಂಬಲು ಆಗುವುದಿಲ್ಲ.

ಒಂದು ಊರು ಎಂದಿಟ್ಟುಕೊಳ್ಳೋಣ

ವಿಷಯ ಬಿಡಿಸಿ ಹೇಳಲು ಒಂದು ಕಲ್ಪನೆಯ ಊರು ತೆಗೆದುಕೊಳ್ಳುತ್ತೇನೆ. 240 ಮನೆ, ಎರಡು ಬೋರ್‌ವೆಲ್, 50,000 ಲೀಟರಿನ ಒಂದು ಓವರ್‌ಹೆಡ್ ಟ್ಯಾಂಕ್. ದಿನ ಬಿಟ್ಟು ದಿನ ಬೆಳಗ್ಗೆ ನೀರು ಬಿಡುತ್ತಾರೆ. ಮೇಲಿನ ಬೀದಿಗೆ ಮೊದಲು, ಕೆಳಗಿನ ಕೇರಿಗೆ ಕೊನೆಗೆ. ಕೆಳಗಿನ ಕೇರಿಗೆ ಹೋಗುವ ಪೈಪು ಒಂದು ಕಡೆ ಚರಂಡಿ ದಾಟುತ್ತದೆ. ಇಂಥ ಊರು ಯಾವುದು ಎಂದು ಕೇಳಬೇಡಿ, ನಿಮ್ಮ ಸುತ್ತಮುತ್ತಲೇ ನಾಲ್ಕು ಸಿಗುತ್ತವೆ.

ಈ ಊರಿನ ಸಮಿತಿ ಫೋನಿನಲ್ಲೇ ಒಂದು ಗೂಗಲ್ ಶೀಟ್ ತೆರೆಯುತ್ತದೆ. ಪುಸ್ತಕದಲ್ಲಿ ಬರೆದರೂ ತಪ್ಪಿಲ್ಲ. ಆದರೆ ಶೀಟಿಗೆ ಎರಡು ಅನುಕೂಲ ಇದೆ. ಲಿಂಕ್ ಕೊಟ್ಟರೆ ಊರಿನ ಯಾರು ಬೇಕಾದರೂ ನೋಡಬಹುದು, ತಾರೀಖು ದಾಟಿದ್ದನ್ನು ಅದೇ ತೋರಿಸುತ್ತದೆ. ಕಾಲಂಗಳು ಹೀಗಿವೆ: ಕ್ರಮಸಂಖ್ಯೆ, ಏನು ಆಗಬಹುದು, ಎಲ್ಲಿ, ಸಂಭವ, ಪೆಟ್ಟು, ಅಂಕ, ಹೊಣೆಗಾರರು, ಮತ್ತೆ ನೋಡುವ ದಿನ, ಸ್ಥಿತಿ, ಏನು ಕಂಡಿತು. ಕೊನೆಯಲ್ಲಿ ಎಚ್ಚರಿಕೆಗೆ ಒಂದು ಕಾಲಂ. ಒಟ್ಟು ಹನ್ನೊಂದು. ಇದಕ್ಕಿಂತ ಹೆಚ್ಚು ಮಾಡಿದರೆ ಫೋನಿನ ಪರದೆಯಲ್ಲಿ ಯಾರೂ ಅಡ್ಡ ಸರಿಸಿ ನೋಡುವುದಿಲ್ಲ.

ಬರೆಯುವಾಗ ಒಂದು ವ್ಯತ್ಯಾಸ ನೆನಪಿಡಬೇಕು. ಈಗಾಗಲೇ ಒಡೆದ ಪೈಪು ಅಪಾಯವಲ್ಲ, ಅದು ಇವತ್ತಿನ ಕೆಲಸ. ಅದನ್ನು ಪಟ್ಟಿಗೆ ಸೇರಿಸಿ ಮುಂದಿನ ತಿಂಗಳು ನೋಡೋಣ ಎನ್ನುವಂತಿಲ್ಲ, ಇವತ್ತೇ ಪ್ಲಂಬರ್ ಕರೆಸಬೇಕು. ಅಪಾಯ ಎಂದರೆ ಇನ್ನೂ ಆಗಿಲ್ಲದ್ದು, ಆಗಬಹುದಾದದ್ದು. ಹಾಗೆಯೇ "ಕಲುಷಿತ ನೀರು" ಎಂದು ಎರಡು ಪದ ಬರೆದರೆ ಯಾರಿಗೂ ಏನು ನೋಡಬೇಕೆಂದು ತಿಳಿಯುವುದಿಲ್ಲ. ಕಾರಣ, ಜಾಗ, ಫಲ ಮೂರೂ ಬರಬೇಕು.

ನಮ್ಮ ಊರಿನ ನಾಲ್ಕನೇ ಸಾಲು ಹೀಗಿದೆ: "ಕೆಳಗಿನ ಕೇರಿ ಪೈಪು ಚರಂಡಿ ದಾಟುವಲ್ಲಿ ಜಾಯಿಂಟ್ ಸಡಿಲವಾದರೆ, ನೀರು ನಿಲ್ಲಿಸಿದ ಹೊತ್ತಲ್ಲಿ ಚರಂಡಿ ನೀರು ಒಳಗೆ ಸೇರಿ ಕೇರಿಯ ಮನೆಗಳಿಗೆ ಹೋಗಬಹುದು."

ಇದು ಹೇಗೆ ಆಗುತ್ತದೆ ಎಂದು ಸ್ವಲ್ಪ ವಿವರಿಸಬೇಕು, ಯಾಕೆಂದರೆ ಬಹಳ ಜನ ಇದನ್ನು ನಂಬುವುದಿಲ್ಲ. ನೀರು ಬಿಟ್ಟಿರುವಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಸಡಿಲ ಜಾಯಿಂಟಿನಿಂದ ನೀರು ಹೊರಗೆ ಸೋರುತ್ತದೆ. ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿನ ನಲ್ಲಿಗಳ ಕಡೆ ಇಳಿದು ಖಾಲಿಯಾಗುತ್ತದೆ. ಆ ಖಾಲಿ ಜಾಗ ಎಳೆಯಲು ಶುರು ಮಾಡುತ್ತದೆ. ಜಾಯಿಂಟಿನ ಸುತ್ತ ಚರಂಡಿ ನೀರು ನಿಂತಿದ್ದರೆ ಅದೇ ಒಳಗೆ ಹೋಗುತ್ತದೆ. ಯಾರಾದರೂ ನಲ್ಲಿಗೆ ನೇರವಾಗಿ ಮೋಟರ್ ಹಾಕಿ ಎಳೆದರೆ ಇನ್ನೂ ಜೋರು. ಮುಂದಿನ ಸಲ ನೀರು ಬಿಟ್ಟಾಗ ಮೊದಲ ಬಿಂದಿಗೆಗೆ ಬರುವುದು ಅದು. ಹೊರಗೆ ಸೋರುವ ಜಾಗದಿಂದಲೇ ಒಳಗೂ ಬರುತ್ತದೆ. ಸೋರುವುದು ನಿಂತಿದೆ ಎಂದು ನೀರಿಲ್ಲದ ಹೊತ್ತಲ್ಲಿ ನೋಡಿ ಸಮಾಧಾನ ಪಟ್ಟುಕೊಳ್ಳುವವರು ಇದನ್ನು ಮರೆಯುತ್ತಾರೆ.

ಅಂಕ ಕೊಡುವಾಗ ಯಾರು ಕೂತಿರಬೇಕು

ಸಂಭವಕ್ಕೆ ಒಂದರಿಂದ ಮೂರು, ಪೆಟ್ಟಿಗೆ ಒಂದರಿಂದ ಮೂರು. ದೊಡ್ಡ ಸಂಸ್ಥೆಗಳು ಐದರವರೆಗೆ ಕೊಡುತ್ತವೆ. ಊರಿಗೆ ಮೂರು ಸಾಕು, ಯಾಕೆಂದರೆ ಅಂಕಕ್ಕೆ ಅರ್ಥ ಬರೆದಿಡಬೇಕು ಮತ್ತು ಆ ಅರ್ಥ ಎಲ್ಲರಿಗೂ ನೆನಪಿರಬೇಕು. ಸಂಭವ ಒಂದು ಎಂದರೆ ಐದು ವರ್ಷದಲ್ಲಿ ಆದ ನೆನಪಿಲ್ಲ. ಎರಡು ಎಂದರೆ ವರ್ಷಕ್ಕೊಮ್ಮೆ ಆಗುತ್ತದೆ. ಮೂರು ಎಂದರೆ ಮತ್ತೆ ಮತ್ತೆ ಆಗುತ್ತದೆ, ಅಥವಾ ಆಗುವ ಲಕ್ಷಣ ಈಗಲೇ ಕಾಣುತ್ತಿದೆ. ಪೆಟ್ಟು ಒಂದು ಎಂದರೆ ಕೆಲವು ಮನೆಗೆ ಒಂದು ದಿನದ ತೊಂದರೆ. ಎರಡು ಎಂದರೆ ಇಡೀ ಊರಿಗೆ ಒಂದು ದಿನಕ್ಕಿಂತ ಹೆಚ್ಚು ನೀರಿಲ್ಲ. ಮೂರು ಎಂದರೆ ಜನ ಕಾಯಿಲೆ ಬೀಳಬಹುದು, ಸಾಯಬಹುದು. ಎರಡನ್ನೂ ಗುಣಿಸಿದರೆ ಅಂಕ. ಶೀಟಿನಲ್ಲಿ ಸಂಭವ `D` ಕಾಲಂ, ಪೆಟ್ಟು `E` ಕಾಲಂ ಆದರೆ ಅಂಕದ ಕಾಲಂನಲ್ಲಿ ಬರೆಯಬೇಕಾದ್ದು ಇಷ್ಟು:

```
=D2*E2
```

ಮುಂದಿನ ಸಾಲುಗಳಿಗೆ ಇದನ್ನೇ ಕಾಪಿ ಮಾಡಿ ಕೆಳಗಿಳಿಸಿದರೆ `D3`, `D4` ಎಂದು ತಾನೇ ಬದಲಾಗುತ್ತದೆ.

ಇಲ್ಲಿ ಒಂದು ಮೋಸ ಇದೆ. ವರ್ಷಗಟ್ಟಲೆ ಆಗದ, ಆದರೆ ಆದರೆ ಜೀವ ತೆಗೆಯುವ ಅಪಾಯಕ್ಕೆ ಒಂದು ಮೂರಲಿ ಮೂರು. ವಾರ ವಾರ ಆಗುವ, ನಾಲ್ಕು ಮನೆಗೆ ಕಿರಿಕಿರಿ ಮಾಡುವ ತೊಂದರೆಗೂ ಮೂರು ಒಂದಲಿ ಮೂರು. ಶೀಟಿಗೆ ಎರಡೂ ಸಮ. ಊರಿಗೆ ಸಮ ಅಲ್ಲ. ಹಾಗಾಗಿ ಪಟ್ಟಿಯ ಮೇಲೆ ಒಂದು ನಿಯಮ ಬರೆದಿಡಬೇಕು: ಪೆಟ್ಟು ಮೂರಿದ್ದರೆ, ಒಟ್ಟು ಅಂಕ ಎಷ್ಟೇ ಇರಲಿ, ತಿಂಗಳಿಗೊಮ್ಮೆ ನೋಡಲೇಬೇಕು.

ಅದಕ್ಕಿಂತ ದೊಡ್ಡ ಮೋಸ ಅಂಕ ಯಾರು ಕೊಡುತ್ತಾರೆ ಎನ್ನುವುದರಲ್ಲಿದೆ. ನಮ್ಮ ಎಷ್ಟೋ ಊರುಗಳಲ್ಲಿ ಪೈಪಿನ ಕೊನೆ ಇರುವುದು ದಲಿತ ಕೇರಿಯಲ್ಲಿ. ಟ್ಯಾಂಕಿನ ಹತ್ತಿರದ ಮನೆಯವರು ಕೂತು ಅಂಕ ಕೊಟ್ಟರೆ ನಾಲ್ಕನೇ ಸಾಲಿನ ಸಂಭವ ಒಂದು ಬರುತ್ತದೆ, ಯಾಕೆಂದರೆ ಅವರ ನಲ್ಲಿಗೆ ಅದು ಯಾವತ್ತೂ ಬಂದಿಲ್ಲ. ಕೊನೆಯ ಮನೆಯಲ್ಲಿ ನೀರು ಹಿಡಿಯುವ ಹೆಂಗಸನ್ನು ಕೇಳಿದರೆ, "ಮಳೆ ಬಂದ ಮಾರನೇ ದಿನ ಮೊದಲ ಎರಡು ಕೊಡ ಚೆಲ್ಲಿಬಿಡ್ತೀವಿ" ಅನ್ನಬಹುದು. ಆ ಒಂದು ಮಾತಿಗೆ ಸಂಭವ ಒಂದರಿಂದ ಮೂರಕ್ಕೆ ಹೋಗುತ್ತದೆ. ಅಂಕ ಮೂರರಿಂದ ಒಂಬತ್ತಾಗುತ್ತದೆ. ಲೆಕ್ಕ ಬದಲಾಗಿಲ್ಲ, ಕೂತವರು ಬದಲಾಗಿದ್ದಾರೆ. ಅಂಕ ಕೊಡುವ ದಿನ ಕೊನೆಯ ಕೇರಿಯವರಿಲ್ಲದಿದ್ದರೆ ಆ ಸಭೆ ಮುಂದೂಡುವುದೇ ಸರಿ.

ಹೊಣೆ ಎಂದರೆ ಬೈಸಿಕೊಳ್ಳುವುದಲ್ಲ

ಇನ್ನು ಹೊಣೆಗಾರರ ಹೆಸರು. ಇಲ್ಲಿ ಪಂಚಾಯಿತಿಗಳು ಮಾಡುವ ಸುಲಭದ ಕೆಲಸ ಎಲ್ಲ ಸಾಲಿಗೂ ನೀರುಗಂಟಿಯ ಹೆಸರು ಬರೆಯುವುದು. ವಾಲ್ವ್ ತಿರುಗಿಸುವವನು ಅವನೇ, ಟ್ಯಾಂಕ್ ಹತ್ತುವವನು ಅವನೇ, ಹಾಗಾಗಿ ಹೊಣೆಯೂ ಅವನದೇ. ನಾಳೆ ಏನಾದರೂ ಆದರೆ ಮೊದಲು ಕೆಲಸ ಹೋಗುವುದೂ ಅವನದೇ. ಇದನ್ನು ನಾನು ಒಪ್ಪುವುದಿಲ್ಲ.

ಹೊಣೆಗಾರ ಎಂದರೆ ರಿಪೇರಿ ಮಾಡುವವನು ಎಂದಲ್ಲ. ಆ ಅಪಾಯದ ಮೇಲೆ ಕಣ್ಣಿಟ್ಟು, ತಾರೀಖಿಗೆ ಸರಿಯಾಗಿ ಹೋಗಿ ನೋಡಿ, ಕಂಡದ್ದನ್ನು ಬರೆದು, ಬೇಕಾದ್ದನ್ನು ಕೇಳಿ ತರಿಸುವವರು ಹೊಣೆಗಾರರು. ಆದ್ದರಿಂದ ಪ್ರತಿ ಸಾಲಿಗೂ ಒಂದು ಪ್ರಶ್ನೆ ಹಾಕಿಕೊಳ್ಳಬೇಕು: ಈ ಅಪಾಯ ಕಡಿಮೆ ಮಾಡಲು ಏನು ಬೇಕು, ಅದು ಯಾರ ಕೈಯಲ್ಲಿದೆ?

ಬ್ಲೀಚಿಂಗ್ ಪೌಡರ್ ಸಾಲನ್ನೇ ನೋಡಿ. ಹೊಸ ಪೌಡರಿನಲ್ಲಿ ಸುಮಾರು ಮೂರನೇ ಒಂದು ಭಾಗ ಕ್ಲೋರಿನ್ ಇರುತ್ತದೆ. 50,000 ಲೀಟರಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಕ್ಲೋರಿನ್ ಬೇಕೆಂದರೆ ಒಟ್ಟು 100 ಗ್ರಾಂ ಕ್ಲೋರಿನ್, ಅಂದರೆ ಸುಮಾರು 300 ಗ್ರಾಂ ಪೌಡರ್. ಆದರೆ ಬಾಯಿ ತೆರೆದ ಚೀಲದಲ್ಲಿ, ಪಂಪ್‌ಹೌಸಿನ ಸೆಕೆಗೆ, ತೇವಕ್ಕೆ ಅದರ ಶಕ್ತಿ ಇಳಿಯುತ್ತಾ ಹೋಗುತ್ತದೆ. ಶೇಕಡಾ 20ಕ್ಕೆ ಇಳಿದರೆ ಅಷ್ಟೇ ನೀರಿಗೆ 500 ಗ್ರಾಂ ಬೇಕು. ನೀರುಗಂಟಿ ಎಂದಿನಂತೆ 300 ಗ್ರಾಂ ಹಾಕುತ್ತಾನೆ, ಹಾಕಿದ್ದೇನೆ ಎಂದು ಪ್ರಾಮಾಣಿಕವಾಗಿ ಬರೆಯುತ್ತಾನೆ, ನೀರಿನಲ್ಲಿ ಮಾತ್ರ ಸಾಕಷ್ಟು ಕ್ಲೋರಿನ್ ಇರುವುದಿಲ್ಲ. ಹೊಸ ಚೀಲ ತರಿಸಲು ಬಿಲ್ಲಿಗೆ ಸಹಿ ಹಾಕುವವರು ಪಿಡಿಒ. ಹಾಗಾದರೆ "ಪೌಡರ್ ಹಳೆಯದಾಗಿ ಶಕ್ತಿ ಕಳೆದುಕೊಳ್ಳಬಹುದು" ಎಂಬ ಸಾಲಿನ ಹೊಣೆಗಾರರು ಪಿಡಿಒ. ನೀರುಗಂಟಿಯ ಕೆಲಸ ಅಳತೆ ಮಾಡಿ ಹಾಕುವುದು.

ಚರಂಡಿ ದಾಟುವ ಪೈಪಿನ ಸಾಲಿಗೆ ನಮ್ಮ ಊರಿನ ಸಮಿತಿ ಆ ವಾರ್ಡಿನ ಸದಸ್ಯೆಯ ಹೆಸರು ಬರೆಯುತ್ತದೆ. ಅವರ ಮನೆ ಅಲ್ಲೇ ಇದೆ, ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಕೇಳುವ ಅಧಿಕಾರವೂ ಇದೆ. ಒಂದು ಸಾಲಿಗೆ ಒಂದೇ ಹೆಸರು. ಇಬ್ಬರ ಹೆಸರು ಬರೆದರೆ ಅವರು ನೋಡಿದ್ದಾರೆಂದು ಇವರು, ಇವರು ನೋಡಿದ್ದಾರೆಂದು ಅವರು.

ಹೆಸರು ಬರೆದರೆ ಇನ್ನೊಂದು ಕಷ್ಟವೂ ಬರುತ್ತದೆ. ಪಿಡಿಒ ವರ್ಗವಾಗುತ್ತಾರೆ, ಸದಸ್ಯರ ಅವಧಿ ಮುಗಿಯುತ್ತದೆ, ನೀರುಗಂಟಿ ಕೆಲಸ ಬಿಡುತ್ತಾನೆ. ಆ ದಿನದಿಂದ ಅವರ ಸಾಲುಗಳು ಅನಾಥ. ಚಾರ್ಜ್ ಕೊಡುವಾಗ ಕೀಲಿ, ಕ್ಯಾಶ್‌ಬುಕ್ ಒಪ್ಪಿಸುವಂತೆ ಈ ಸಾಲುಗಳನ್ನೂ ಓದಿ ಹೇಳಿ ಒಪ್ಪಿಸಬೇಕು, ಹೊಸಬರ ಹೆಸರು ಅದೇ ದಿನ ಬೀಳಬೇಕು. ಹೆಸರಿನ ಬದಲು ಹುದ್ದೆ ಬರೆದರೆ ಈ ತೊಂದರೆ ಇರುವುದಿಲ್ಲ ಎನ್ನುವವರಿದ್ದಾರೆ. ನಿಜ, ಆದರೆ ಆಗ ಹುದ್ದೆ ಖಾಲಿ ಬಿದ್ದಿರುವುದು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಹೆಸರಿದ್ದರೆ ಕಾಣುತ್ತದೆ.

ತಾರೀಖು ಹವಾಮಾನ ಕೇಳಬೇಕು, ಕ್ಯಾಲೆಂಡರ್ ಮಾತ್ರ ಅಲ್ಲ

ಮತ್ತೆ ನೋಡುವ ದಿನ ಪ್ರತಿ ಸಾಲಿಗೂ ಬೇರೆ ಬೇರೆ ಇರಬೇಕು. ಬೋರ್‌ವೆಲ್ ಬತ್ತುವ ಅಪಾಯವನ್ನು ಆಗಸ್ಟಿನಲ್ಲಿ ತಿಂಗಳಿಗೊಮ್ಮೆ ನೋಡಿದರೂ ಸಾಕು, ಏಪ್ರಿಲ್‌ನಲ್ಲಿ ವಾರಕ್ಕೊಮ್ಮೆ ಬೇಕು. ಚರಂಡಿ ಪೈಪಿನದು ಉಲ್ಟಾ. ಅದರ ಜೊತೆಗೆ ತಾರೀಖಿಗೆ ಕಾಯದೆ ತಕ್ಷಣ ನೋಡಬೇಕಾದ ಸಂದರ್ಭಗಳನ್ನೂ ಬರೆದಿಡಬೇಕು: ಮೊದಲ ಜೋರು ಮಳೆ, ಜಾತ್ರೆ, ಯಾರಾದರೂ ರಸ್ತೆ ಅಗೆದರೆ, ಒಂದೇ ಬೀದಿಯಲ್ಲಿ ಇಬ್ಬರಿಗೆ ವಾಂತಿ ಭೇದಿಯಾದರೆ.

ಈಗ ನಾಲ್ಕನೇ ಸಾಲು ಹೇಗೆ ನಡೆಯುತ್ತದೆ ನೋಡೋಣ. ಮೇ 10ಕ್ಕೆ ಸಾಲು ಹುಟ್ಟಿತು, ಅಂಕ ಒಂಬತ್ತು, ಮತ್ತೆ ನೋಡುವ ದಿನ ಮೇ 20. ಆ ದಿನ ಸದಸ್ಯೆ ನೀರು ಬಿಟ್ಟ ಹೊತ್ತಿಗೆ ಹೋಗುತ್ತಾರೆ. "ನೋಡಿದೆ, ಸರಿಯಿದೆ" ಎಂದು ಬರೆಯುವುದು ಲೆಕ್ಕಕ್ಕಿಲ್ಲ, ಏನು ಕಂಡಿತು ಎಂದು ಬರೆಯಬೇಕು. ಅವರು ತರಬೇತಿ ಪಡೆದ ಹೆಂಗಸರ ಜೊತೆ ಕಿಟ್ ಹಿಡಿದು ಎರಡು ಕಡೆ ಕ್ಲೋರಿನ್ ನೋಡುತ್ತಾರೆ. ಟ್ಯಾಂಕಿನ ಹತ್ತಿರದ ನಲ್ಲಿಯಲ್ಲಿ ಲೀಟರಿಗೆ 0.5 ಮಿಲಿಗ್ರಾಂ, ಕೊನೆಯ ಮನೆಯಲ್ಲಿ ಸೊನ್ನೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕ್ಲೋರಿನ್ ಹಾಕಿದ ನೀರಿನಲ್ಲಿ, ಜನರ ನಲ್ಲಿಗೆ ಬಂದಾಗಲೂ, ಕನಿಷ್ಠ 0.2 ಉಳಿದಿರಬೇಕು. ಇಲ್ಲಿ ಮೊದಲ ನಲ್ಲಿಯಲ್ಲಿ ಇದೆ, ಕೊನೆಯದರಲ್ಲಿ ಇಲ್ಲ. ದಾರಿಯಲ್ಲಿ ಏನೋ ಒಂದು ಕ್ಲೋರಿನ್ ತಿನ್ನುತ್ತಿದೆ. ಪೈಪಿನೊಳಗಿನ ಹಳೆ ಕೊಳೆ ಇರಬಹುದು, ಹೊರಗಿನ ಚರಂಡಿ ನೀರೂ ಇರಬಹುದು. ಯಾವುದು ಎಂದು ತಿಳಿಯಲು ಆ ಮನೆಯ ನೀರನ್ನು ಬ್ಯಾಕ್ಟೀರಿಯಾ ನೋಡುವ ಚಿಕ್ಕ ಬಾಟಲಿಗೆ ತುಂಬಿ ಇಡುತ್ತಾರೆ. ಒಂದೆರಡು ದಿನದಲ್ಲಿ ಅದು ಕಪ್ಪಾಗುತ್ತದೆ. ಕಪ್ಪಾದರೆ ಮಲದ ಕೊಳೆ ಸೇರಿರುವ ಅನುಮಾನ ಬಲವಾಗಿದೆ ಎಂದರ್ಥ. ಲ್ಯಾಬಿಗೆ ಕಳಿಸಿ ಖಚಿತ ಮಾಡಿಕೊಳ್ಳಬೇಕು, ಆದರೆ ಲ್ಯಾಬಿನ ಉತ್ತರ ಬರುವವರೆಗೆ ಕಾಯುವಂತಿಲ್ಲ.

ಈ ಗಳಿಗೆಯಲ್ಲಿ ಅದು ಅಪಾಯವಾಗಿ ಉಳಿದಿಲ್ಲ, ಆಗಿಹೋದ ಘಟನೆ. ಕೇರಿಯಲ್ಲಿ ನೀರು ಕುದಿಸಿ ಕುಡಿಯಿರಿ ಎಂದು ಡಂಗುರ ಹೊಡೆಸಬೇಕು, ಆ ಲೈನ್ ನಿಲ್ಲಿಸಿ ಟ್ಯಾಂಕರ್ ನೀರು ಕೊಡಬೇಕು, ಆಶಾ ಕಾರ್ಯಕರ್ತೆಗೆ ಹೇಳಬೇಕು, ಜಾಯಿಂಟ್ ಬಿಚ್ಚಿ ಕಟ್ಟಬೇಕು. ಪಟ್ಟಿಯಲ್ಲಿ ಸ್ಥಿತಿಯ ಕಾಲಂಗೆ "ಘಟನೆಯಾಗಿದೆ" ಎಂದು ಬೀಳುತ್ತದೆ. ಸಾಲು ಅಳಿಸುವುದಿಲ್ಲ.

ಮೇ 25ಕ್ಕೆ ಪೈಪಿನ ಆ ಭಾಗವನ್ನು ಚರಂಡಿಯ ಮೇಲೆ ಎತ್ತಿ, ಕಬ್ಬಿಣದ ಪೈಪಿನೊಳಗೆ ತೂರಿಸಿ ಕೂಡಿಸಿದರು ಎಂದಿಟ್ಟುಕೊಳ್ಳೋಣ. ಎಲ್ಲರಿಗೂ ಸಾಲು ಮುಚ್ಚುವ ಆತುರ. ಮುಚ್ಚಬಾರದು. ರಿಪೇರಿ ಆಯಿತು ಎಂಬುದು ಒಂದು, ಅಪಾಯ ಹೋಯಿತು ಎಂಬುದು ಇನ್ನೊಂದು. ಕೊನೆಯ ಮನೆಯಲ್ಲಿ ಕ್ಲೋರಿನ್ 0.2 ಸಿಗಬೇಕು, ಬಾಟಲಿ ಕಪ್ಪಾಗಬಾರದು, ಅದೂ ಮೊದಲ ಜೋರು ಮಳೆ ಬಂದು ಚರಂಡಿ ತುಂಬಿದ ಮೇಲೆ. ಜೂನ್ 12ಕ್ಕೆ ಮಳೆ ಬಂತು, ಮಾರನೇ ದಿನ ನೋಡಿದರು, ಎರಡೂ ಸರಿಯಿತ್ತು. ಆಗ ಸಂಭವ ಮೂರರಿಂದ ಒಂದಕ್ಕೆ ಇಳಿಯುತ್ತದೆ. ಪೆಟ್ಟು ಮೂರೇ, ಯಾಕೆಂದರೆ ಮತ್ತೆ ಸೇರಿದರೆ ಜನ ಕಾಯಿಲೆ ಬೀಳುವುದು ಬದಲಾಗಿಲ್ಲ. ಅಂಕ ಮೂರು. ಮತ್ತೆ ನೋಡುವ ದಿನ ಜುಲೈ 12. ಪೈಪು ಆ ಚರಂಡಿ ದಾಟುವವರೆಗೂ ಈ ಸಾಲು ತೆರೆದೇ ಇರುತ್ತದೆ. ಮುಂದೊಂದು ದಿನ ಲೈನನ್ನೇ ಬೇರೆ ದಾರಿಗೆ ಹಾಕಿದರೆ ಆಗ ಮುಚ್ಚಬಹುದು, ಕಾರಣ ಬರೆದು.

ಇಡೀ ಪಟ್ಟಿಯ ಪ್ರಯೋಜನ ಇರುವುದು ಈ ಮೇ 20 ಮತ್ತು ಜೂನ್ 13ರ ನಡುವೆ. ಅಂಕ ಒಂಬತ್ತರಿಂದ ಮೂರಕ್ಕೆ ಯಾಕೆ ಇಳಿಯಿತು ಎಂದು ಯಾರು ಕೇಳಿದರೂ ತೋರಿಸಲು ಎರಡು ಪರೀಕ್ಷೆಯ ಫಲ, ಎರಡು ತಾರೀಖು, ಒಂದು ಹೆಸರು ಇದೆ. ಸಾಕ್ಷಿಯಿಲ್ಲದೆ ಇಳಿದ ಅಂಕ ಆಸೆ ಮಾತ್ರ.

ಶೀಟ್ ಕೈಕೊಡುವ ಜಾಗ

ತಾರೀಖು ದಾಟಿದರೆ ಶೀಟೇ ಹೇಳಬೇಕು ಎಂದೆ. ಮತ್ತೆ ನೋಡುವ ದಿನ `H` ಕಾಲಂ, ಸ್ಥಿತಿ `I` ಕಾಲಂ ಆದರೆ ಕೊನೆಯ ಕಾಲಂನಲ್ಲಿ ಇದನ್ನು ಬರೆದು ಕೆಳಗಿಳಿಸಿ:

```
=IF(I2="ಮುಚ್ಚಿದೆ","",IF(NOT(ISNUMBER(H2)),"ತಾರೀಖು ಇಲ್ಲ",IF(H2<TODAY(),"ತಾರೀಖು ದಾಟಿದೆ","")))
```

ನಡುವೆ ಇರುವ `ISNUMBER` ಯಾಕೆ ಎಂದರೆ, ತಾರೀಖಿನ ಜಾಗದಲ್ಲಿ ಜನ "ಮುಂದಿನ ಸೋಮವಾರ" ಎಂದೋ "ಹಬ್ಬದ ಮೇಲೆ" ಎಂದೋ ಬರೆಯುತ್ತಾರೆ. ಶೀಟಿಗೆ ಅದು ಬರೀ ಅಕ್ಷರ, ತಾರೀಖಲ್ಲ. ಆ ಭಾಗ ಇಲ್ಲದಿದ್ದರೆ ಆ ಸಾಲು ಎಂದಿಗೂ ದಾಟಿದೆ ಎಂದು ತೋರಿಸುವುದೇ ಇಲ್ಲ, ವರ್ಷ ಕಳೆದರೂ ತಣ್ಣಗೆ ಕೂತಿರುತ್ತದೆ. ಇನ್ನೊಂದು ಎಡವಟ್ಟು: 5/6 ಎಂದು ಬರೆದರೆ ಕೆಲವು ಫೋನಿನ ಶೀಟುಗಳು ಅದನ್ನು ಜೂನ್ 5 ಎನ್ನದೆ ಮೇ 6 ಎಂದು ಓದುತ್ತವೆ. ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ, `2025-06-05` ಹೀಗೆ ಬರೆದರೆ ಗೊಂದಲ ಇಲ್ಲ.

ತಿದ್ದುವ ಅನುಮತಿ ಇಬ್ಬರಿಗೆ ಸಾಕು, ನೋಡುವ ಅನುಮತಿ ಊರಿಗೆಲ್ಲ ಇರಲಿ. ಹಾಗಾಗಿ ಕಾಯಿಲೆ ಬಿದ್ದವರ ಹೆಸರು, ಫೋನ್ ನಂಬರು ಶೀಟಿನಲ್ಲಿ ಬರೆಯಬಾರದು.

ಇಷ್ಟಾದರೂ ಶೀಟು ತಾನಾಗಿ ಪೈಪು ಕಟ್ಟುವುದಿಲ್ಲ, ದುಡ್ಡು ಕೊಡುವುದಿಲ್ಲ. ಸದಸ್ಯೆ ಮೂರು ಸಲ ಬರೆದು ಕೇಳಿದರೂ ಪಂಚಾಯಿತಿಯಲ್ಲಿ ಹಣ ಇಲ್ಲ ಎಂದರೆ ಸಾಲು ಕೆಂಪಾಗಿಯೇ ಇರುತ್ತದೆ. ಹಾಗೆ ಕೆಂಪಾಗಿ ಉಳಿದದ್ದೂ ಉಪಯೋಗಕ್ಕೆ ಬರುತ್ತದೆ. ಯಾರು ಯಾವತ್ತು ಕೇಳಿದರು, ಯಾರು ಯಾವತ್ತು ಇಲ್ಲ ಎಂದರು ಎಂಬುದು ಬರಹದಲ್ಲಿ ಉಳಿಯುತ್ತದೆ. ಏನಾದರೂ ಅನಾಹುತವಾದಾಗ "ನಮ್ಮ ಗಮನಕ್ಕೆ ಬಂದಿರಲಿಲ್ಲ" ಎಂಬ ಮಾತು ನಡೆಯುವುದಿಲ್ಲ. ಕೆಲವು ಪಂಚಾಯಿತಿಗಳು ಪಟ್ಟಿಯನ್ನು ತೋರಿಸಲು ಹಿಂಜರಿಯುವುದಕ್ಕೂ ಇದೇ ಕಾರಣ ಇದ್ದೀತು. ಅದಕ್ಕೇ ಅದು ಪಿಡಿಒ ಅವರ ಫೋನಿನಲ್ಲಿ ಮಾತ್ರ ಇರಬಾರದು. ತಿಂಗಳಿಗೊಮ್ಮೆ ಪ್ರಿಂಟ್ ತೆಗೆದು ಪಂಚಾಯಿತಿ ಗೋಡೆಗೂ, ಕೆಳಗಿನ ಕೇರಿಯ ಅಂಗನವಾಡಿ ಗೋಡೆಗೂ ಅಂಟಿಸಬೇಕು. ಫೋನಿಲ್ಲದವರೂ ನೀರು ಕುಡಿಯುತ್ತಾರೆ.

ಮುಂದಿನ ಗ್ರಾಮಸಭೆಗೆ ಹೋಗುವವರು ನೀರಿನ ವಿಷಯ ಬಂದಾಗ ಭಾಷಣ ಮಾಡುವುದು ಬೇಡ. ಊರಿನ ನೀರಿನ ಅಪಾಯ ಪಟ್ಟಿ ತೋರಿಸಿ ಎಂದು ಕೇಳಿ. ಅದರಲ್ಲಿ ಪೆಟ್ಟು ಮೂರಿರುವ ಸಾಲುಗಳನ್ನು ಮಾತ್ರ ಗಟ್ಟಿಯಾಗಿ ಓದಿಸಿ. ಪ್ರತಿ ಸಾಲಿಗೂ ಹೊಣೆಗಾರರು ಯಾರು, ಕೊನೆಗೆ ಯಾವತ್ತು ನೋಡಿದರು, ಏನು ಕಂಡಿತು, ಮತ್ತೆ ಯಾವತ್ತು ನೋಡುತ್ತಾರೆ ಎಂದು ಕೇಳಿ. ಉತ್ತರ ಬರೆಸಿಕೊಂಡು ಬನ್ನಿ. ಪಟ್ಟಿಯೇ ಇಲ್ಲ ಎಂದರೆ ಮೊದಲ ಸಾಲು ಅಲ್ಲೇ, ಸಭೆಯಲ್ಲೇ ಬರೆಸಿ, ಕೊನೆಯ ಮನೆಯ ನಲ್ಲಿಯಿಂದ ಶುರು ಮಾಡಿ.